ಮೊಮ್ಮಗನ ದಸರಾ ರಜೆ, ಅಜ್ಜನ ಯೂಟ್ಯೂಬ್

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರ ಫೋನಿನಲ್ಲಿ ಯೂಟ್ಯೂಬ್ ಬರೀ ಹೊತ್ತು ಕಳೆಯುವ ಸಾಮಾನಲ್ಲ. ಬಳ್ಳಿ ಕತ್ತರಿಸುವ ಅಕ್ಟೋಬರ್ ಚಾಟ್ನಿ ಮುಗಿದು ಚಿಗುರು ಬರುವ ಹೊತ್ತಿಗೆ ಮಳೆ ಹಿಡಿದರೆ ಡೌನಿ ರೋಗ ಬೀಳುತ್ತದೆ. ಯಾವ ಎಣ್ಣಿ ಯಾವಾಗ ಹೊಡೀಬೇಕು ಅಂತ ಸಾಂಗ್ಲಿ, ನಾಶಿಕ್ ಕಡೆಯವರ ಮರಾಠಿ ವಿಡಿಯೊ ನೋಡಿಯೇ ಎಷ್ಟೋ ಮಂದಿ ಪಡದೊಳಗೆ ಇಳಿಯುತ್ತಾರೆ. ವರ್ಷಗಟ್ಟಲೆ ಅದನ್ನೇ ನೋಡಿದ್ದರಿಂದ, ಆ್ಯಪ್ ತೆರೆದರೆ ಸಾಕು, ಬೇಕಾದದ್ದು ತಾನಾಗೇ ಎದುರಿಗೆ ಬರುತ್ತಿರುತ್ತದೆ.

ದಸರಾ ರಜೆಯೂ ಸರಿಯಾಗಿ ಅದೇ ಹೊತ್ತಿಗೆ ಬೀಳುತ್ತದೆ. ಬೆಳಗಾವಿಯಿಂದಲೋ ಹುಬ್ಬಳ್ಳಿಯಿಂದಲೋ ಮೊಮ್ಮಕ್ಕಳು ಬರುತ್ತಾರೆ, "ಅಜ್ಜಾ, ಒಂದೀಟು ಫೋನ್ ಕೊಡು" ಅನ್ನುತ್ತಾರೆ. ಎರಡು ವಾರ ಗೇಮ್ ವಿಡಿಯೊ, ಶಾರ್ಟ್ಸ್, ಕಾರ್ಟೂನು. ರಜೆ ಮುಗಿಸಿ ಹುಡುಗರು ಊರಿಗೆ ಹೋದ ಮೇಲೂ ಗೇಮ್ ಮಾತ್ರ ಹೋಗುವುದಿಲ್ಲ. ಡೌನಿ ವಿಡಿಯೊ ಎಲ್ಲೋ ಕೆಳಗೆ ಹೂತು ಹೋಗಿರುತ್ತದೆ.

ಆಗ ಎಲ್ಲರೂ ಹೇಳುವ ಪರಿಹಾರ ಒಂದೇ: "ಹಿಸ್ಟರಿ ಎಲ್ಲಾ ಡಿಲೀಟ್ ಹೊಡೀರಿ." ಇದು ತಪ್ಪು ಸಲಹೆ ಎಂದೇ ನಾನು ಹೇಳುವುದು. ಎಲ್ಲ ಅಳಿಸಿದರೆ ಎರಡು ವಾರದ ಗೇಮ್ ಜೊತೆಗೆ ಐದಾರು ವರ್ಷದ ದ್ರಾಕ್ಷಿಯೂ ಹೋಗುತ್ತದೆ. ಅಳಿಸಿದ ಹಿಸ್ಟರಿಯನ್ನು ಮರಳಿ ತರುವ ಬಟನ್ ಇಲ್ಲ. ಕೆಟ್ಟದ್ದು ಯಾವ ದಿನಗಳಲ್ಲಿ ಸೇರಿತೋ ಆ ದಿನಗಳನ್ನಷ್ಟೇ ಕತ್ತರಿಸಿ ತೆಗೆಯಲು ಬರುತ್ತದೆ, ಅದನ್ನು ಮಾಡಬೇಕು.

ಮೊದಲು ಒಂದು ಮುಂಜಾಗ್ರತೆ. ಹುಡುಗರು ಇದ್ದ ದಿನಗಳಲ್ಲೇ ಅಜ್ಜನೂ ಒಂದಷ್ಟು ಒಳ್ಳೆಯ ವಿಡಿಯೊ ನೋಡಿರುತ್ತಾನೆ. ಹಿಸ್ಟರಿ ತೆರೆದು ಅಂಥವನ್ನು ಹುಡುಕಿ, ಪಕ್ಕದ ಮೂರು ಚುಕ್ಕೆ ಒತ್ತಿ, Watch later ಪಟ್ಟಿಗೋ ಒಂದು ಪ್ಲೇಲಿಸ್ಟಿಗೋ ಸೇರಿಸಿ ಇಡಿ. ಹಿಸ್ಟರಿ ಅಳಿಸಿದರೂ ಪ್ಲೇಲಿಸ್ಟ್ ಹಾಗೇ ಉಳಿಯುತ್ತದೆ. ಈ ಕೆಲಸ ಬಿಟ್ಟರೆ "ಮೊನ್ನೆ ನೋಡಿದ ಆ ವಿಡಿಯೊ ಎಲ್ಲಿ ಹೋಯ್ತು" ಅಂತ ಆಮೇಲೆ ಹುಡುಕಾಡುವುದಾಗುತ್ತದೆ.

ಈಗ ಅಳಿಸುವುದು. ಯೂಟ್ಯೂಬ್ ಆ್ಯಪಿನಲ್ಲಿ ಕೆಳಗೆ ಬಲಮೂಲೆಯ You ಒತ್ತಿ, ಮೇಲಿನ ಗಾಲಿಯ ಗುರುತಿನಿಂದ ಸೆಟ್ಟಿಂಗ್ಸಿಗೆ ಹೋಗಿ Manage all history ತೆರೆಯಿರಿ. ಆ್ಯಪಿನಲ್ಲಿ ಸಿಗದಿದ್ದರೆ ಬ್ರೌಸರಿನಲ್ಲಿ ಈ ವಿಳಾಸ ಹೊಡೆದರೂ ಅದೇ ಪುಟ ಬರುತ್ತದೆ:

```
myactivity.google.com/product/youtube
```

ನೋಡಿದ ವಿಡಿಯೊ, ಹುಡುಕಿದ ಪದ ಎರಡೂ ಇಲ್ಲಿ ದಿನಾಂಕದ ಪ್ರಕಾರ ಒಂದರ ಕೆಳಗೊಂದು ಇರುತ್ತವೆ. ಸ್ವಲ್ಪ ಕೆಳಗೆ ಸರಿಸಿ, ಗೇಮ್ ಶುರುವಾದ ದಿನ ಯಾವುದು, ಮುಗಿದ ದಿನ ಯಾವುದು ಎಂದು ಕಣ್ಣಾರೆ ನೋಡಿಕೊಳ್ಳಿ. ಅಂದಾಜಿಗೆ ಹೋಗಬೇಡಿ. ಅಕ್ಟೋಬರ್ 4ರಿಂದ 18 ಎಂದು ಇಟ್ಟುಕೊಳ್ಳೋಣ. Delete ಒತ್ತಿದರೆ ಇವತ್ತಿನದು, ಎಲ್ಲಾ ಕಾಲದ್ದು ಎಂಬುದರ ಜೊತೆಗೆ Delete custom range ಎಂದಿರುತ್ತದೆ. ಅದರಲ್ಲಿ After ಎಂಬಲ್ಲಿ ಶುರುವಿನ ದಿನ, Before ಎಂಬಲ್ಲಿ ಕೊನೆಯ ದಿನ ಕೊಡಬೇಕು. ಗೋಜಲಾಗುವುದು ಇಲ್ಲೇ. Before ಖಾಲಿ ಬಿಟ್ಟರೆ ಇವತ್ತಿನವರೆಗಿನದೂ ಹೋಗುತ್ತದೆ, After ಖಾಲಿ ಬಿಟ್ಟರೆ ಹಳೆಯದೆಲ್ಲ ಹೋಗುತ್ತದೆ. ಎರಡೂ ತುಂಬಿ. ಕೊನೆಗೆ ಖಚಿತ ಮಾಡುವ ಮೊದಲು ಅದು ತೋರಿಸುವ ಪಟ್ಟಿಯ ಮೇಲೊಮ್ಮೆ ಕಣ್ಣು ಹಾಯಿಸಿ.

ರಜೆಗೆ ಮೊದಲೂ ಆಮೇಲೂ ಆಗಾಗ ಹುಡುಗರ ಕೈಗೆ ಫೋನ್ ಹೋಗಿದ್ದರೆ ದಿನಾಂಕದಿಂದ ಹಿಡಿಯಲಾಗುವುದಿಲ್ಲ. ಆಗ ಅದೇ ಪುಟದ ಮೇಲ್ಗಡೆ ಹುಡುಕುವ ಜಾಗದಲ್ಲಿ ಗೇಮಿನ ಹೆಸರನ್ನೋ ಚಾನೆಲ್ಲಿನ ಹೆಸರನ್ನೋ ಹೊಡೆಯಿರಿ. ಅದಕ್ಕೆ ಸಂಬಂಧಪಟ್ಟದ್ದಷ್ಟೇ ಉಳಿದು ಕಾಣುತ್ತದೆ, ಅದನ್ನಷ್ಟೇ ತೆಗೆಯಬಹುದು. ನಿಧಾನದ ಕೆಲಸ, ಆದರೆ ಬೇಕಾದದ್ದಕ್ಕೆ ಪೆಟ್ಟು ಬೀಳುವುದಿಲ್ಲ.

ಇಷ್ಟು ಮಾಡಿದ ಕೂಡಲೇ ಹೋಮ್ ಪುಟ ಬದಲಾಗಲಿಲ್ಲ ಎಂದು ಗಾಬರಿ ಬೀಳುವವರಿದ್ದಾರೆ. ಪುಟವನ್ನು ಕೆಳಗೆ ಎಳೆದು ಹೊಸದು ಮಾಡಿ. ಎಲ್ಲ ಫೋನು, ಟಿವಿಗೆ ಬದಲಾವಣೆ ಮುಟ್ಟಲು ಕೆಲವು ಗಂಟೆ ಹಿಡಿಯಬಹುದು. ಮರುದಿನವೂ ಗೇಮೇ ಬರುತ್ತಿದ್ದರೆ ಮಾತ್ರ ಬೇರೆ ಕಾರಣ ಹುಡುಕಬೇಕು.

ಬಹಳ ಸಲ ಆ ಕಾರಣ ಸಬ್‌ಸ್ಕ್ರೈಬ್ ಮತ್ತು ಲೈಕ್. ಹಿಸ್ಟರಿ ಅಳಿಸಿದರೆ ಇವೆರಡೂ ಅಳಿಯುವುದಿಲ್ಲ, ಯಾವ ವಿಡಿಯೊ ತೋರಿಸಬೇಕು ಎಂದು ಲೆಕ್ಕ ಹಾಕುವಾಗ ಯೂಟ್ಯೂಬ್ ಇವನ್ನೂ ಹಿಡಿಯುತ್ತದೆ. ಹುಡುಗರು "ಲೈಕ್ ಮಾಡಿ, ಸಬ್‌ಸ್ಕ್ರೈಬ್ ಮಾಡಿ" ಅಂದರೆ ಮಾಡಿಯೇ ಮಾಡುತ್ತಾರೆ. Subscriptions ಪಟ್ಟಿ ತೆರೆದು ಅಜ್ಜನಿಗೆ ಸಂಬಂಧವೇ ಇಲ್ಲದ ಚಾನೆಲ್ ಬಿಡಿಸಿ. Liked videos ಪ್ಲೇಲಿಸ್ಟಿಗೆ ಹೋಗಿ ಗೇಮ್ ವಿಡಿಯೊಗಳನ್ನು ಒಂದೊಂದಾಗಿ ತೆಗೆಯಿರಿ.

ಇನ್ನೊಂದು ಕಾರಣ ಅಕೌಂಟ್ ಅದಲು ಬದಲು. ಒಂದೇ ಫೋನಿನಲ್ಲಿ ಮಗನ ಜಿಮೇಲ್, ಅಜ್ಜನ ಜಿಮೇಲ್ ಎರಡೂ ಇರುತ್ತವೆ. ಬ್ರೌಸರಿನಲ್ಲಿ ಪುಟ ತೆರೆದಾಗ ಅದು ಮಗನ ಅಕೌಂಟಿನಲ್ಲಿ ತೆರೆದಿರಬಹುದು, ಅಳಿಸಿದ್ದೂ ಮಗನದೇ ಆಗಿರಬಹುದು. ಪತ್ತೆ ಮಾಡುವುದು ಸುಲಭ: ಆ್ಯಪಿನ ಹಿಸ್ಟರಿ ತೆರೆದು ನೋಡಿ, ಅಳಿಸಿದ ದಿನಗಳ ವಿಡಿಯೊ ಅಲ್ಲಿ ಇನ್ನೂ ಇದ್ದರೆ ಕೈ ಹಾಕಿದ್ದು ಬೇರೆ ಅಕೌಂಟಿಗೆ.

"Not interested ಒತ್ತಿದರೆ ಆಯ್ತಲ್ಲ, ಇಷ್ಟೆಲ್ಲ ಯಾಕೆ" ಎನ್ನುವವರಿಗೆ ಒಂದು ಮಾತು. ಈ ಬಟನ್‌ಗಳು ಎಷ್ಟು ಕೆಲಸ ಮಾಡುತ್ತವೆ ಎಂದು ಫೈರ್‌ಫಾಕ್ಸ್ ಬ್ರೌಸರಿನ ಹಿಂದಿರುವ ಮೊಜಿಲ್ಲಾ ಫೌಂಡೇಶನ್ 2022ರಲ್ಲಿ ಅಳೆದು ನೋಡಿತ್ತು. Not interested ಒತ್ತಿದಾಗ ಬೇಡದ ಶಿಫಾರಸುಗಳಲ್ಲಿ ತಡೆದದ್ದು ಶೇ. 11ರಷ್ಟು ಮಾತ್ರ. ಹಿಸ್ಟರಿಯಿಂದ ತೆಗೆದಾಗ ಶೇ. 29, Don't recommend channel ಒತ್ತಿದಾಗ ಶೇ. 43. ಯಾವುದೂ ಅರ್ಧಕ್ಕೆ ಮುಟ್ಟಲಿಲ್ಲ. ಅದಕ್ಕೇ ಒಂದನ್ನೇ ನಂಬಿ ಕೂಡಬಾರದು. ಹಿಸ್ಟರಿ ಕತ್ತರಿಸಿ, ಸಬ್‌ಸ್ಕ್ರೈಬ್ ಬಿಡಿಸಿ, ಆಮೇಲೂ ತಲೆ ಎತ್ತುವ ನಾಲ್ಕಾರು ಚಾನೆಲ್‌ಗಳಿಗೆ Don't recommend channel ಒತ್ತಿ. ಕೆಲಸ ಆಗುವುದು ಮೂರೂ ಕೂಡಿದಾಗ. ಹಿಂದೆ ಬೇಡ ಎಂದು ಒತ್ತಿದ ಚಾನೆಲ್‌ಗಳ ಪಟ್ಟಿ ಹಿಸ್ಟರಿ ಜೊತೆ ಹೋಗುವುದಿಲ್ಲ, ಬೇರೆ ಕಡೆ ಇರುತ್ತದೆ. ಅದನ್ನು ಹುಡುಕಿ ಅಳಿಸಲು ಹೋಗಬೇಡಿ. ಅಳಿಸಿದರೆ ಬೇಡ ಅಂದವರೆಲ್ಲ ಮರಳಿ ಬರಬಹುದು.

ಸ್ವಚ್ಛ ಮಾಡಿದ ಮೇಲೆ ಬೇಕಾದ ವಿಷಯದ ನಾಲ್ಕೈದು ವಿಡಿಯೊ ಹುಡುಕಿ ಪೂರ್ತಿ ನೋಡಿ. ಪ್ಲೇಲಿಸ್ಟಿನಲ್ಲಿ ಎತ್ತಿಟ್ಟವು ಇದಕ್ಕೆ ಒದಗುತ್ತವೆ. ಅರ್ಧಕ್ಕೆ ಬಿಟ್ಟು ಹಾರಿದರೆ ಅಷ್ಟು ಉಪಯೋಗವಿಲ್ಲ, ಎಷ್ಟು ಹೊತ್ತು ನೋಡಿದಿರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಮುಂದಿನ ರಜೆಗೆ ಹುಡುಗರು ಬಂದಾಗ ಏನು ಮಾಡುವುದು? ಫೋನ್ ಕೊಡುವ ಮೊದಲು ಆ್ಯಪಿನಲ್ಲೇ Turn on Incognito ಒತ್ತಿ ಕೊಡಿ. ಅದರಲ್ಲಿ ನೋಡಿದ್ದು ಅಜ್ಜನ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ 90 ನಿಮಿಷ ಯಾರೂ ಮುಟ್ಟದೆ ಇಟ್ಟರೆ ಅದು ತಾನಾಗೇ ಮುಗಿದು ಮತ್ತೆ ಅಜ್ಜನ ಅಕೌಂಟಿಗೆ ಬರುತ್ತದೆ. ಊಟ ಮಾಡಿ, ಒಂದು ನಿದ್ದೆ ತೆಗೆದು ಸಂಜೆ ಮತ್ತೆ ಫೋನ್ ಹಿಡಿಯುವ ಹುಡುಗರಿರುವ ಮನೆಯಲ್ಲಿ ಸಂಜೆ ಇನ್ನೊಮ್ಮೆ ಹಾಕಬೇಕಾಗುತ್ತದೆ. ಇನ್ನೊಂದು ಮಾತು: ಇನ್‌ಕಾಗ್ನಿಟೊದಲ್ಲಿ ಮಕ್ಕಳಿಗೆ ತಕ್ಕದ್ದು, ತಕ್ಕದ್ದಲ್ಲದ್ದು ಎಂಬ ಸೋಸುವಿಕೆ ಇರುವುದಿಲ್ಲ. ಸಣ್ಣ ಮಕ್ಕಳಿದ್ದರೆ ಯೂಟ್ಯೂಬ್ ಕಿಡ್ಸ್ ಆ್ಯಪ್ ಹಾಕಿಕೊಡುವುದೇ ಒಳ್ಳೆಯದು.

ಪಡಸಾಲೆಯ ಟಿವಿಯ ಕಥೆ ಬೇರೆ. ಅದಕ್ಕೂ ಅಜ್ಜನ ಜಿಮೇಲನ್ನೇ ಹಾಕಿದ್ದರೆ, ಮನೆಮಂದಿ ಹಾಕುವ ಧಾರಾವಾಹಿ, ಭಜನೆ, ಕಾರ್ಟೂನು ಎಲ್ಲಾ ಫೋನಿನ ಹೋಮ್ ಪುಟಕ್ಕೆ ಬಂದು ಬೀಳುತ್ತದೆ. ಫೋನ್ ಎಷ್ಟು ತೊಳೆದರೂ ಟಿವಿಯಿಂದ ಮತ್ತೆ ಹರಿದು ಬರುತ್ತಿರುತ್ತದೆ. ಟಿವಿಗೆ ಬೇರೆ ಅಕೌಂಟ್ ಹಾಕಿ, ಅದರಲ್ಲಿ ಹಿಸ್ಟರಿ ಪೂರ್ತಿ ಅಳಿಸಿ, ಉಳಿಸುವುದನ್ನೂ ನಿಲ್ಲಿಸಿಬಿಡಿ ಎನ್ನುತ್ತೇನೆ. 2023ರ ಆಗಸ್ಟಿನಿಂದ ಯೂಟ್ಯೂಬ್ ಒಂದು ಬದಲಾವಣೆ ತಂದಿದೆ: ಹಿಸ್ಟರಿ ಬಂದ್ ಇದ್ದು, ಹಳೆಯದೂ ಹೆಚ್ಚು ಇಲ್ಲದಿದ್ದರೆ ಹೋಮ್ ಪುಟದಲ್ಲಿ ಶಿಫಾರಸೇ ಬರುವುದಿಲ್ಲ. ಬೇಕಾದದ್ದನ್ನು ಹುಡುಕಿ ಹಾಕಬೇಕು, ಇಲ್ಲವೇ ಸಬ್‌ಸ್ಕ್ರೈಬ್ ಮಾಡಿದ ಚಾನೆಲ್‌ಗಳ ಪಟ್ಟಿಯಿಂದ ತೆಗೆಯಬೇಕು. ಆ ಖಾಲಿ ಪುಟ ನೋಡಿ ಟಿವಿ ಕೆಟ್ಟಿದೆ ಎಂದುಕೊಳ್ಳಬೇಡಿ. ಎಲ್ಲರೂ ನೋಡುವ ಟಿವಿಗೆ ಅದೇ ಸರಿ. ವಿಡಿಯೊ ಹಾಕಿದ ಮೇಲೆ ಪಕ್ಕದಲ್ಲೋ ಕೆಳಗೋ ಬರುವ ಸಂಬಂಧಪಟ್ಟ ವಿಡಿಯೊಗಳು ಮಾತ್ರ ಆಗಲೂ ಇರುತ್ತವೆ, ಯಾಕೆಂದರೆ ಅವು ಆಗ ಓಡುತ್ತಿರುವ ವಿಡಿಯೊ ಹಿಡಿದು ಬರುವಂಥವು.

ಕೊನೆಯದಾಗಿ Auto-delete. ಹಳೆಯ ಹಿಸ್ಟರಿ ತಾನಾಗೇ ಅಳಿಯುವಂತೆ 3 ತಿಂಗಳು, 18 ತಿಂಗಳು, 36 ತಿಂಗಳು ಎಂದು ಮೂರು ಆಯ್ಕೆ ಇವೆ. ಬಹಳ ಮಂದಿ 3 ತಿಂಗಳು ಒತ್ತುತ್ತಾರೆ. ದ್ರಾಕ್ಷಿಯವರು ಅದನ್ನು ಒತ್ತಬಾರದು. ಅಕ್ಟೋಬರ್ ಚಾಟ್ನಿ ಮರಳಿ ಬರುವುದು 12 ತಿಂಗಳಿಗೆ, ಅಷ್ಟರಲ್ಲಿ ಹೋದ ವರ್ಷದ ಡೌನಿ ವಿಡಿಯೊ ಒಂದೂ ಲೆಕ್ಕದಲ್ಲಿ ಉಳಿದಿರುವುದಿಲ್ಲ. 18 ತಿಂಗಳು ಇಟ್ಟರೆ ಒಂದು ಪೂರ್ತಿ ಹಂಗಾಮು, ಅದರ ಹಿಂದಿನ ಏಪ್ರಿಲ್ ಚಾಟ್ನಿ ಎರಡೂ ಒಳಗೆ ಬರುತ್ತವೆ.