ಲಾಭದ ಜಿಗಿತಕ್ಕೆ ಸ್ಥಿರ ವೆಚ್ಚವೇ ಕಾರಣವಿರಬಹುದು

‘ಮಾರಾಟ ಶೇ 10 ಹೆಚ್ಚಿದ್ದಕ್ಕೇ ಲಾಭ ಶೇ 80 ಏರಿದೆ. ಆಡಳಿತ ಅಷ್ಟು ಚೆನ್ನಾಗಿದೆ, ಷೇರು ಕೊಳ್ಳಿ.’

ತ್ರೈಮಾಸಿಕ ಫಲಿತಾಂಶದ ಹೊತ್ತಿಗೆ ಇಂಥ ಫಾರ್ವರ್ಡ್ ಬರುತ್ತಲೇ ಇರುತ್ತದೆ. ಅಂಕಿ ಸರಿಯೇ ಇರಬಹುದು. ಆದರೆ ಅದರಿಂದ ಆಡಳಿತದ ಜಾಣ್ಮೆ ಸಾಬೀತಾಗುವುದಿಲ್ಲ.

ಒಂದು ಕಾರ್ಖಾನೆ 100 ಲಕ್ಷ ರೂಪಾಯಿಯ ಮಾಲು ಮಾರುತ್ತದೆ ಎನ್ನಿ. ಕಚ್ಚಾ ಸಾಮಗ್ರಿಗೆ 60 ಲಕ್ಷ. ಇದು ಮಾರಾಟದ ಜೊತೆಗೇ ಏರಿಳಿಯುತ್ತದೆ. ಬಾಡಿಗೆ, ಸಂಬಳ, ಸವಕಳಿಗೆ 30 ಲಕ್ಷ, ಇದು ಕದಲುವುದಿಲ್ಲ. ಉಳಿಯುವುದು 10 ಲಕ್ಷ. ಮಾರಾಟ 110 ಆದರೆ ಸಾಮಗ್ರಿಗೆ 66, ಸ್ಥಿರ ವೆಚ್ಚ ಅದೇ 30, ಉಳಿಕೆ 14. ಅಂದರೆ ಶೇ 40 ಏರಿಕೆ. ಮಾರಾಟದ ಶೇ 10 ಏರಿಕೆಯನ್ನು ಸ್ಥಿರ ವೆಚ್ಚ ಹೀಗೆ ಹಿಗ್ಗಿಸುವುದೇ ಆಪರೇಟಿಂಗ್ ಲೆವರೇಜ್.

ಇದರ ಮೇಲೆ ಸಾಲದ ಬಡ್ಡಿ 5 ಲಕ್ಷ ಕಳೆಯಿರಿ. ತೆರಿಗೆಗೆ ಮುಂಚಿನ ಲಾಭ 5ರಿಂದ 9ಕ್ಕೆ, ಅಂದರೆ ಶೇ 80 ಹೆಚ್ಚಿತು. ಶೇ 40ನ್ನು ಶೇ 80ಕ್ಕೆ ಹಿಗ್ಗಿಸಿದ್ದು ಫೈನಾನ್ಷಿಯಲ್ ಲೆವರೇಜ್. ಬಡ್ಡಿಯೂ ಒಂದು ಸ್ಥಿರ ವೆಚ್ಚವೇ ತಾನೆ.

ಈಗ ಮಾರಾಟ 90ಕ್ಕೆ ಇಳಿಸಿ ನೋಡಿ. 54, 30, 5 ಕಳೆದರೆ ಉಳಿಯುವುದು ಬರೀ 1 ಲಕ್ಷ. ಅದೇ ಶೇ 80, ಕೆಳಮುಖವಾಗಿ. ಫಾರ್ವರ್ಡ್‌ನಲ್ಲಿ ಈ ಅರ್ಧ ಇರುವುದಿಲ್ಲ.

ಪರೀಕ್ಷಿಸಲು ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲಿ ಕಂಪನಿಯ ಫಲಿತಾಂಶ ತೆರೆಯಿರಿ. ಸಿಬ್ಬಂದಿ ವೆಚ್ಚ, ಸವಕಳಿ, ಹಣಕಾಸು ವೆಚ್ಚದ ಸಾಲುಗಳು ಮಾರಾಟದಷ್ಟೇ ಬೆಳೆದಿವೆಯೇ, ನಿಂತಲ್ಲೇ ನಿಂತಿವೆಯೇ ನೋಡಿ. ಜಮೀನು ಮಾರಿದಂಥ ಒಂದೇ ಸಲದ ಆದಾಯ ಸೇರಿದ್ದರೆ ಕಳೆಯಿರಿ. ಆಮೇಲೆ, ಮಾರಾಟ ಕುಸಿದಿದ್ದ ಹಳೆಯ ವರ್ಷವೊಂದರಲ್ಲಿ ಲಾಭ ಎಷ್ಟು ಬಿದ್ದಿತ್ತು ಎಂದು ಹುಡುಕಿ.