12ನೇ ವಾರದ ಅಳತೆ ಯಾವುದು?

"ಔಷಧಿ ಪ್ರಯೋಗದ ವಿಶ್ಲೇಷಣೆ ಹೇಗೆಂದು ಅದರ ಮೂಲ ಯೋಜನೆಯಾದ ಪ್ರೋಟೊಕಾಲ್‌ನಲ್ಲೇ ಬರೆದಿರುತ್ತಾರಲ್ಲ, ಯಾರು ಯಾವ ಗುಂಪು ಎಂಬ ಗುಟ್ಟು ಬಿಚ್ಚುವ ಮುನ್ನ ವಿಶ್ಲೇಷಣಾ ಯೋಜನೆ ಎಂಬ ಇನ್ನೊಂದು ದಾಖಲೆ ಯಾಕೆ ಸ್ವಾಮಿ?"

ಪ್ರೋಟೊಕಾಲ್ ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತದೆ: 12ನೇ ವಾರದ ರಕ್ತದೊತ್ತಡವನ್ನು ಎರಡು ಗುಂಪುಗಳಲ್ಲಿ ಹೋಲಿಸಬೇಕು ಎಂದು. ಒಬ್ಬ ರೋಗಿಯನ್ನು ಊಹಿಸಿಕೊಳ್ಳಿ. ಆರಂಭದಲ್ಲಿ ಒತ್ತಡ 162. ಎಂಟನೇ ವಾರದಲ್ಲೂ ಇಳಿಯದ ಕಾರಣ ವೈದ್ಯರು ಬೇರೊಂದು ಮಾತ್ರೆ ಸೇರಿಸುತ್ತಾರೆ; 12ನೇ ವಾರಕ್ಕೆ ಅದು 130. ಈ 130 ಅನ್ನು ಹಾಗೆಯೇ ಎಣಿಸಬೇಕೋ, ಬದಿಗಿಟ್ಟು ಮಾತ್ರೆ ಸೇರಿಸದಿದ್ದರೆ ಎಷ್ಟಿರುತ್ತಿತ್ತು ಎಂದು ಅಂದಾಜಿಸಬೇಕೋ, ಚಿಕಿತ್ಸೆ ವಿಫಲ ಎಂದು ಬರೆಯಬೇಕೋ? ಮೂರೂ ಸಮರ್ಥನೀಯವೇ, ಆದರೆ ಮೂರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಹೊಸ ಔಷಧಿ ಕೆಲಸ ಮಾಡುತ್ತಿದ್ದರೆ ಹೆಚ್ಚುವರಿ ಮಾತ್ರೆ ಪ್ಲಸೀಬೊ, ಅಂದರೆ ಔಷಧಿಯಿಲ್ಲದ ಹುಸಿ ಮಾತ್ರೆ, ಪಡೆದ ಗುಂಪಿಗೇ ಹೆಚ್ಚು ಹೋಗಿರುತ್ತದೆ. ಹಾಗೆಯೇ ಎಣಿಸಿದರೆ ವ್ಯತ್ಯಾಸ ಕುಗ್ಗುತ್ತದೆ, ಬದಿಗಿಟ್ಟರೆ ಹಿಗ್ಗಬಹುದು. ಗುಂಪು ತಿಳಿದ ಮೇಲೆ ಆರಿಸಲು ಕುಳಿತರೆ, ಎಂಥ ಪ್ರಾಮಾಣಿಕರ ಕೈಯೂ ಬೇಕಾದ ಕಡೆಗೇ ವಾಲುತ್ತದೆ. ಔಷಧಿ ನಿಯಮಗಳನ್ನು ದೇಶಗಳ ನಡುವೆ ಹೊಂದಿಸುವ ಐಸಿಎಚ್ ಸಂಸ್ಥೆಯ ಇ9 ಮಾರ್ಗಸೂಚಿಗೆ 2019ರಲ್ಲಿ ಬಂದ ಅನುಬಂಧ ಇಂಥ ಪ್ರಶ್ನೆಗಳನ್ನು ಮೊದಲೇ ಇತ್ಯರ್ಥಪಡಿಸಲು ಹೇಳುವುದು ಇದಕ್ಕೇ.

ಬರೆದ ಯೋಜನೆಯನ್ನು ಒರೆಗೆ ಹಚ್ಚುವ ದಾರಿಯೂ ಇದೆ. ರೋಗಿಗಳಿಗೆ ಮನಬಂದಂತೆ ಸುಳ್ಳು ಗುಂಪು ಹಂಚಿ, ವಿಶ್ಲೇಷಣೆಯ ಎಲ್ಲ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಒಮ್ಮೆ ಓಡಿಸಬೇಕು. ಕೋಷ್ಟಕದ ಸಂಖ್ಯೆಗಳಿಗೆ ಅರ್ಥವಿರುವುದಿಲ್ಲ, ಆದರೆ ಬಿಟ್ಟುಹೋದ ನಿಯಮಗಳು ಕಣ್ಣಿಗೆ ಬೀಳುತ್ತವೆ. 12ನೇ ವಾರದ ಅಳತೆಗೆ 84ನೇ ದಿನ ಬರಬೇಕಾದ ರೋಗಿ 79ಕ್ಕೂ 88ಕ್ಕೂ ಬಂದಿದ್ದರೆ ಯಾವ ಅಳತೆ? ಹತ್ತಿರದ್ದೆಂದರೆ 88, ಮೊದಲನೆಯದೆಂದರೆ 79. ಇದನ್ನೂ ಬರೆದು, ದಿನಾಂಕ ಹಾಕಿ ಸಹಿಯಾದ ಮೇಲೆಯೇ ನಿಜವಾದ ಹಂಚಿಕೆಯ ಪಟ್ಟಿಯನ್ನು ತೆರೆಯಬೇಕು. ಆಮೇಲೆ ಹೊಳೆದ ವಿಶ್ಲೇಷಣೆಯನ್ನೂ ಮಾಡಬಹುದು, ಆದರೆ ಅದು ನಂತರದ್ದೆಂದು ವರದಿಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು.