ಸಪ್ಲೈಯರ್ ಶೂ ಕೊಳ್ಳುವ ಮುಂಚೆ ಅಟ್ಟೆ ತಿರುಗಿಸಿ ನೋಡಿ

ಹೋಟೆಲಿಗೆ ಹೊಸದಾಗಿ ಸೇರುವ ಹುಡುಗನಿಗೆ ಸಿಗುವ ಸೂಚನೆ ಒಂದೇ ಸಾಲಿನದು: "ಬಿಳಿ ಶರ್ಟು, ಕಪ್ಪು ಪ್ಯಾಂಟು, ಕಪ್ಪು ಶೂ." ಅವನು ಪೇಟೆಗೆ ಹೋಗಿ, ಮದುವೆಗೆ ಹಾಕಿಕೊಂಡು ಹೋಗುವಂಥ ಅಗ್ಗದ ಫಾರ್ಮಲ್ ಶೂ ತರುತ್ತಾನೆ. ಮೇಲೆ ಫಳಫಳ ಹೊಳಪು, ಕೆಳಗೆ ಗಟ್ಟಿ ಪಿವಿಸಿ ಅಟ್ಟೆ. ಮಾಲೀಕರು ಬಣ್ಣ ನೋಡಿ "ಸರಿ" ಅನ್ನುತ್ತಾರೆ. ಮಾರನೇ ದಿನ ಅದೇ ಶೂನಲ್ಲಿ, ಈಗಷ್ಟೇ ಮಾಪ್ ಹಾಕಿದ ಪಾಲಿಶ್ ಗ್ರಾನೈಟ್ ಮೇಲೆ, ನಾಲ್ಕು ಬಟ್ಟಲು ಬಿಸಿ ಸಾಂಬಾರಿನ ಟ್ರೇ ಹಿಡಿದು ಅವನು ನಡೆಯಬೇಕು. ಬಣ್ಣಕ್ಕೆ ಇರುವ ನಿಯಮ ಅಟ್ಟೆಗೆ ಯಾಕಿಲ್ಲ ಅನ್ನುವುದೇ ನಮ್ಮ ತಕರಾರು.

ಜಾರುವುದು ಎಲ್ಲಿ ಶುರುವಾಗುತ್ತದೆ ನೋಡಿ. ನಡೆಯುವಾಗ ಕಾಲು ಮೊದಲು ನೆಲ ಮುಟ್ಟುವುದು ಹಿಮ್ಮಡಿಯ ಹಿಂದಿನ ಅಂಚಿನಿಂದ, ಅದೂ ಓರೆಯಾಗಿ. ಆ ಕ್ಷಣದಲ್ಲಿ ನೆಲಕ್ಕೆ ತಾಗಿರುವುದು ಎರಡು ಬೆರಳಗಲದಷ್ಟು ಜಾಗ, ಅಷ್ಟೇ. ಅಲ್ಲಿ ನೀರಿನ ಪೊರೆ ಇದ್ದರೆ, ಅದು ಪಕ್ಕಕ್ಕೆ ಸರಿದು ರಬ್ಬರು ಕಲ್ಲಿಗೆ ತಾಗುವ ತನಕ ಹಿಡಿತ ಇಲ್ಲ. ಒದ್ದೆ ಕಟ್ಟೆ ಮೇಲೆ ಸ್ಟೀಲ್ ತಟ್ಟೆ ತಾನಾಗಿ ಸರಿಯುತ್ತದಲ್ಲ, ಅದೇ ಕಥೆ. ಒರಟು ನೆಲದಲ್ಲಿ ಕಲ್ಲಿನ ಮೊನೆಗಳೇ ಪೊರೆಯನ್ನು ಸೀಳಿಬಿಡುತ್ತವೆ. ಪಾಲಿಶ್ ಕಲ್ಲಿನಲ್ಲಿ ಆ ಮೊನೆಗಳನ್ನೆಲ್ಲ ಉಜ್ಜಿ ತೆಗೆದಿರುತ್ತಾರೆ, ಹಾಗಾಗಿ ನೀರನ್ನು ಹೊರಗೆ ಹಾಕುವ ಕೆಲಸ ಪೂರ್ತಿ ಅಟ್ಟೆಯ ಮೇಲೆ ಬೀಳುತ್ತದೆ. ಕೈ ಖಾಲಿ ಇದ್ದವನು ಜಾರಿದರೆ ಎರಡೂ ತೋಳು ಚಾಚಿ ಸಾವರಿಸಿಕೊಳ್ಳುತ್ತಾನೆ. ಟ್ರೇ ಹಿಡಿದವನಿಗೆ ತೋಳು ಸಿಗುವುದಿಲ್ಲ, ಕಾಲಡಿಯ ನೆಲ ಕಾಣುವುದಿಲ್ಲ. ಸಾಲದ್ದಕ್ಕೆ ಅವನ ಮೊದಲ ಯೋಚನೆ ಟ್ರೇ ಉಳಿಸುವುದು!

ಅದಕ್ಕೇ ಅಂಗಡಿಯಲ್ಲಿ ಶೂ ಕೈಗೆ ಬಂದ ಕೂಡಲೇ ತಿರುಗಿಸಿ ಹಿಮ್ಮಡಿಯ ಹಿಂಭಾಗ ನೋಡಿ. ಅಲ್ಲಿ ಗೀರುಗಳಿರಬೇಕು, ಅವು ಅಟ್ಟೆಯ ಅಂಚಿನ ತನಕ ಹೋಗಿ ಹೊರಗೆ ತೆರೆದುಕೊಂಡಿರಬೇಕು. ಅಗಲ ಎರಡು ಮಿಲಿಮೀಟರಿಗೆ ಕಡಿಮೆ ಬೇಡ. ಕಿರಿದಾದರೆ ನೀರು ಓಡುವುದಿಲ್ಲ, ಹಿಟ್ಟು ಜಿಡ್ಡು ಕಚ್ಚಿಕೊಂಡರೆ ಬರುವುದೂ ಇಲ್ಲ. ಗೀರುಗಳ ನಡುವಿನ ಸಣ್ಣ ಸಣ್ಣ ಗುಬ್ಬಿಗಳ ಅಂಚು ಚೂಪಾಗಿರಲಿ, ತಲೆ ಚಪ್ಪಟೆಯಾಗಿರಲಿ. ಕೆಲವು ಶೂಗಳಲ್ಲಿ ಸುತ್ತಲೂ ಗೋಡೆ ಕಟ್ಟಿದಂಥ ಉಂಗುರಗಳಿರುತ್ತವೆ. ನೋಡಲು ಹಿಡಿತದ ಬಟ್ಟಲಿನಂತೆ ಕಂಡರೂ ಅದರೊಳಗೆ ಸಿಕ್ಕಿದ ನೀರಿಗೆ ಹೊರಗೆ ದಾರಿ ಇಲ್ಲ. ಇನ್ನು ಬೆಟ್ಟ ಹತ್ತುವ ಶೂನ ದಪ್ಪ ಹಲ್ಲು ಮಣ್ಣಿಗೆ ಸರಿ, ಕನ್ನಡಿಯಂಥ ನೆಲಕ್ಕಲ್ಲ. ತಾಗುವ ರಬ್ಬರೇ ಕಡಿಮೆ.

ಆಮೇಲೆ ಹೆಬ್ಬೆರಳಿನ ಉಗುರಿನಿಂದ ಅಟ್ಟೆ ಒತ್ತಿ. ಸ್ವಲ್ಪ ಒಳಗೆ ಹೋಗಿ ಮತ್ತೆ ಎದ್ದರೆ ಮೆದು ರಬ್ಬರು. ಉಗುರೇ ಜಾರಿದರೆ ಆ ಶೂ ಅಲ್ಲೇ ಇಡಿ. ಅಡುಗೆಮನೆಗೆ ಹೋಗಿ ಬರುವವರಿಗೆ ನೈಟ್ರೈಲ್ ರಬ್ಬರು ಒಳ್ಳೆಯದು, ಎಣ್ಣೆಗೆ ಬೇಗ ಕೆಡುವುದಿಲ್ಲ.

ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಅಟ್ಟೆಯ ಮೇಲೆ "ಆಯಿಲ್ ರೆಸಿಸ್ಟೆಂಟ್" ಅಂತ ಅಚ್ಚು ಹಾಕಿರುತ್ತಾರೆ. ಎಣ್ಣೆ ತಾಗಿದರೆ ಅಟ್ಟೆ ಉಬ್ಬುವುದಿಲ್ಲ, ಹಾಳಾಗುವುದಿಲ್ಲ ಅಂತ ಅದರ ಅರ್ಥ. ಎಣ್ಣೆ ಮೇಲೆ ಜಾರುವುದಿಲ್ಲ ಅಂತಲ್ಲ. ಜಾರುವಿಕೆಯ ಗುರುತೇ ಬೇರೆ. ಶೂನ ನಾಲಿಗೆಯ ಒಳಗಿನ ಲೇಬಲ್ಲಿನಲ್ಲಿ SRC ಅಥವಾ 2022ರ ನಂತರದ ಯುರೋಪಿನ ಮಾನದಂಡದ ಪ್ರಕಾರ SR ಅಂತ ಇದೆಯೇ ನೋಡಿ. ಬೆರಳು ಕಾಯುವ ಕಬ್ಬಿಣದ ಟೋಪಿ ಇಲ್ಲದ ಕೆಲಸದ ಶೂಗೆ ಮಾನದಂಡದ ಸಂಖ್ಯೆ EN ISO 20347.

ಆ ಗುರುತು ಇದೆ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. ಹಳೆಯ SRC ಪರೀಕ್ಷೆಯಲ್ಲಿ ಎರಡು ಭಾಗ, ಎರಡರಲ್ಲೂ ಪಾಸಾಗಬೇಕು. ಅಳೆಯುವುದು ಘರ್ಷಣೆಯ ಅಂಕಿ, ಅಂದರೆ ಶೂ ಮೇಲಿನ ಭಾರದ ಎಷ್ಟು ಪಾಲು ಬಲಕ್ಕೆ ಅದು ಜಾರುತ್ತದೆ ಅನ್ನುವುದು. ಸೋಪು ನೀರು ಹಾಕಿದ ಟೈಲ್ಸ್ ಮೇಲೆ ಹಿಮ್ಮಡಿಗೆ 0.28 ಘರ್ಷಣೆ ಬಂದರೆ ಪಾಸು. ಗ್ಲಿಸರಿನ್ ಸವರಿದ ಸ್ಟೀಲ್ ಮೇಲೆ ಬರೀ 0.13 ಬಂದರೆ ಸಾಕು. ಸಮತಟ್ಟು ನೆಲದಲ್ಲಿ ನೇರವಾಗಿ ನಡೆಯಲು ಸುಮಾರು 0.2 ಬೇಕು, ಉದ್ದ ಹೆಜ್ಜೆ ಹಾಕಿದರೆ, ತಿರುಗಿದರೆ ಇನ್ನೂ ಹೆಚ್ಚು. ಅಂದರೆ ಹಾಗೂ ಹೀಗೂ ಪಾಸಾದ ಶೂ ಒದ್ದೆ ಟೈಲ್ಸಿನಲ್ಲಿ ನಿಮ್ಮನ್ನು ನಿಲ್ಲಿಸೀತು, ಚೆಲ್ಲಿದ ತುಪ್ಪದ ಮೇಲೆ ನಿಲ್ಲಿಸುತ್ತದೆ ಅನ್ನಲಾಗದು. ಹೋಟೆಲಿಗೆ ಒಟ್ಟಿಗೆ ಇಪ್ಪತ್ತು ಜೊತೆ ಕೊಳ್ಳುವವರು ಪರೀಕ್ಷೆಯ ನಿಜವಾದ ಅಂಕಿಯನ್ನೇ ಕೇಳಿ. ಕಂಪನಿಯವರ ಹತ್ತಿರ ವರದಿ ಇರುತ್ತದೆ.

ಒಳ್ಳೆ ಶೂ ತಂದ ಮೇಲೂ ಕೆಡಿಸುವ ದಾರಿಗಳಿವೆ. ಹೊಸ ಅಟ್ಟೆಯ ಮೇಲೆ ಅಚ್ಚಿನಿಂದ ಬಂದ ನುಣುಪು ಪೊರೆ ಇರುತ್ತದೆ. ಪರೀಕ್ಷೆ ಮಾಡುವವರೇ ಉಪ್ಪುಕಾಗದದಿಂದ ಉಜ್ಜಿ ಆಮೇಲೆ ಅಳೆಯುತ್ತಾರೆ. ನೀವೂ ಮೊದಲ ದಿನ ಒರಟು ಸಿಮೆಂಟ್ ನೆಲದಲ್ಲಿ ಸ್ವಲ್ಪ ಓಡಾಡಿ, ಆಮೇಲೆ ಟ್ರೇ ಎತ್ತಿ. ಪಾಲಿಶ್ ಹಚ್ಚುವಾಗ ಮೇಣ ಅಟ್ಟೆಗೆ ಇಳಿಯದಿರಲಿ. ದಿನದ ಕೆಲಸ ಮುಗಿದ ಮೇಲೆ ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು, ಹಳೇ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಗೀರುಗಳನ್ನು ಬಿಡಿಸಿ. ಸೋಪು ಪೂರ್ತಿ ಹೋಗುವ ತನಕ ತೊಳೆದು ನೆರಳಲ್ಲಿ ಒಣಗಿಸಿ. ಜಿಡ್ಡು ತುಂಬಿದ ಗೀರು ಇದ್ದೂ ಇಲ್ಲದ ಹಾಗೆ. ಎಷ್ಟೋ ಕಡೆ "ಈ ಶೂ ಜಾರುತ್ತೆ" ಅನ್ನುವ ದೂರಿಗೆ ಕಾರಣ ಅಡುಗೆಮನೆ ಬಾಗಿಲು. ಅಲ್ಲಿಂದ ಅಟ್ಟೆಗೆ ಅಂಟಿದ ಎಣ್ಣೆ ಊಟದ ಹಾಲ್‌ನ ಮೊದಲ ನಾಲ್ಕೈದು ಹೆಜ್ಜೆಯಲ್ಲಿ ನೆಲಕ್ಕೆ ಇಳಿಯುತ್ತದೆ. ಬಾಗಿಲ ಬಳಿ ಹೀರುವ ಮ್ಯಾಟ್ ಹಾಕಿ, ಅದನ್ನು ದಿನಾ ಬದಲಾಯಿಸಿ. ಫಿನಾಯಿಲ್, ಸೋಪು ಜಾಸ್ತಿ ಸುರಿದು ಒಂದೇ ಸಲ ಒರೆಸಿ ಬಿಟ್ಟ ನೆಲದ್ದೂ ಅದೇ ಪಾಡು.

ಶೂ ಯಾವಾಗ ಎಸೆಯಬೇಕು? ಮೇಲ್ಭಾಗ ಹರಿಯುವ ತನಕ ಕಾಯಬೇಡಿ. ಹಿಮ್ಮಡಿಯಲ್ಲಿ ಗೀರು ಸವೆದು ನುಣ್ಣಗಾದ ತೇಪೆ ಹುಡುಕಿ. ಹೆಚ್ಚಿನವರಿಗೆ ಅದು ಹಿಂದಿನ ಹೊರ ಮೂಲೆಯಲ್ಲಿ ಸಿಗುತ್ತದೆ. ಗೋಡೆ ಗಡಿಯಾರಕ್ಕೆ ಹಾಕುವ ಡಬಲ್ ಎ ಪೆನ್ಸಿಲ್ ಸೆಲ್ಲನ್ನು ಅದರ ಮೇಲೆ ನೆಟ್ಟಗೆ ನಿಲ್ಲಿಸಿ. ಸೆಲ್ಲಿನ ತಳ ಸುಮಾರು 14 ಮಿಲಿಮೀಟರ್. ತೇಪೆ ಅದಕ್ಕಿಂತ ದೊಡ್ಡದಾಗಿದ್ದರೆ ಶೂನ ಕೆಲಸ ಮುಗಿಯಿತು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಸವೆದ ಶೂಗಳನ್ನು ಅಳೆದು ಹೇಳಿದ ಲೆಕ್ಕ ಇದು. ತಿಂಗಳಿಗೊಮ್ಮೆ ನೋಡಿದರೆ ಸಾಕು.

ಹಿಡಿತ ಅತಿಯಾದರೂ ಕಷ್ಟ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಒಣ ನೆಲದಲ್ಲಿ ಮೆದು ಅಟ್ಟೆ ಕಚ್ಚಿಕೊಳ್ಳುತ್ತದೆ. ಒಂದೇ ಕಾಲ ಮೇಲೆ ಗಿರಕಿ ಹೊಡೆದು ತಿರುಗುವ ಅಭ್ಯಾಸ ಇರುವವರಿಗೆ ಪಾದ ನಿಂತು ಮಂಡಿ ತಿರುಚುತ್ತದೆ, ಕಾಲು ಎಳೆದು ನಡೆಯುವವರಿಗೆ ಮುಂಗಾಲು ಎಡವುತ್ತದೆ. ಹೊಸ ಶೂ ಹಾಕಿದ ವಾರ ಎರಡು ಮೂರು ಪುಟ್ಟ ಹೆಜ್ಜೆಯಲ್ಲಿ ತಿರುಗುವುದನ್ನು ರೂಢಿ ಮಾಡಿಕೊಳ್ಳಿ.

ದುಡ್ಡು ಯಾರು ಕೊಡಬೇಕು ಅನ್ನುವ ಪ್ರಶ್ನೆಗೆ ಮಾಲೀಕರು ಅಂತಲೇ ನಮ್ಮ ಉತ್ತರ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಯಾಶ್, ಶಾಲಾ ಅಡುಗೆಮನೆಗಳ ಸುಮಾರು 17,000 ಕೆಲಸಗಾರರ ಮೇಲೆ ಪ್ರಯೋಗ ನಡೆಸಿತು. ಜಾರದ ಶೂ ಪುಕ್ಕಟೆ ಕೊಟ್ಟ ಗುಂಪಿನಲ್ಲಿ ಜಾರಿ ಆದ ಗಾಯಗಳ ಪರಿಹಾರ ಅರ್ಜಿ 67% ಇಳಿಯಿತು. ಹುಡುಗನ ಕೈಯಿಂದಲೇ ಕೊಳ್ಳಲು ಹೇಳಿದರೆ ಅವನು ಅಗ್ಗದ್ದನ್ನೇ ತರುತ್ತಾನೆ, ಅವನ ತಪ್ಪಲ್ಲ. ಕೊಡಿಸುವವರು ಒಂದೇ ಸಲ ಎಲ್ಲರಿಗೂ ಆರ್ಡರ್ ಮಾಡಬೇಡಿ. ಮೂರು ಬೇರೆ ಬೇರೆ ಅಟ್ಟೆಯ ಶೂ ತಂದು ಮೂವರಿಗೆ ಕೊಟ್ಟು, ನಿಮ್ಮದೇ ನೆಲದಲ್ಲಿ ಎರಡು ವಾರ ಓಡಾಡಿಸಿ ಕೇಳಿ. ಅಳತೆ ಮಾತ್ರ ಸಂಜೆ ತೆಗೆದುಕೊಳ್ಳಿ, ಹತ್ತು ಗಂಟೆ ನಿಂತ ಪಾದ ಬೆಳಗಿನ ಸೈಜಿನಲ್ಲಿ ಇರುವುದಿಲ್ಲ.